ತಿರುಗಿ ಕೇಳುವ ಪ್ರಶ್ನೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ ಬಿಡಿ. ಈ ಒಂದು ವಿಷಯದಲ್ಲಿ ಅದು ಇಳಿಯುವುದೂ ನನಗೆ ಬೇಕಾಗಿಲ್ಲ.

ಗೋಕಾಕದಲ್ಲಿ ಒಂದು ಖಾಸಗಿ ಹಾಲಿನ ಡೇರಿ. ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ ಅದರ ಶೀತಲೀಕರಣ ಘಟಕಗಳಿವೆ, ಸುತ್ತಲಿನ ಹಳ್ಳಿಗಳಲ್ಲಿ ಹಾಲು ಸಂಗ್ರಹಿಸುವ ಕೇಂದ್ರಗಳಿವೆ. ಆ ಡೇರಿಯ ಡೇಟಾಬೇಸ್ ನೋಡಿಕೊಳ್ಳುವವಳು ನಾನು. ಯಾವ ಊರಿನ ಹಾಲು ಯಾವ ಹೊತ್ತಿಗೆ ಬಂತು, ಕೊಬ್ಬಿನ ಅಂಶ ಎಷ್ಟಿತ್ತು, ಎಲ್ಲವೂ ಅದರಲ್ಲಿದೆ. ಅದಕ್ಕೆ ಅದರದೇ ಭಾಷೆ, ಎಸ್‌ಕ್ಯೂಎಲ್. ಸಾಹೇಬರಿಗೆ ಏನಾದರೂ ತಿಳಿಯಬೇಕೆಂದರೆ ನನಗೆ ಹೇಳುತ್ತಿದ್ದರು, ನಾನು ಆ ಭಾಷೆಯಲ್ಲಿ ಬರೆದು ಉತ್ತರ ತೆಗೆದುಕೊಡುತ್ತಿದ್ದೆ. ಸಾಹೇಬರು ಎಂದರೆ ನಮ್ಮ ಸಂಗ್ರಹಣೆ ವಿಭಾಗದ ಮ್ಯಾನೇಜರು, ವ್ಯಾಪಾರಸ್ಥ ಜೈನ ಮನೆತನದವರು. ಫೋನಿನಲ್ಲಿ ಮರಾಠಿ, ಎದುರಿಗೆ ಕನ್ನಡ. ಕೆಟ್ಟವರಲ್ಲ. ನನಗೆ ಕೆಲಸ ಕೊಟ್ಟವರೂ ಅವರೇ, ಮಗಳಿಗೆ ಜ್ವರ ಬಂದಾಗ ತಮ್ಮ ಗಾಡಿಯಲ್ಲಿ ದವಾಖಾನೆಗೆ ಕಳಿಸಿದವರೂ ಅವರೇ. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ಹೋದ ವರ್ಷ ಬೆಳಗಾವಿಯ ಒಂದು ಕಂಪನಿಯವರು ಹೊಸ ಯಂತ್ರ ತಂದರು. ಯಂತ್ರ ಎಂದರೆ ಪರದೆಯ ಮೇಲಿನ ಒಂದು ಖಾಲಿ ಚೌಕ, ಅಷ್ಟೇ. ಅದರಲ್ಲಿ ಸಾದಾ ಕನ್ನಡದಲ್ಲಿ ಪ್ರಶ್ನೆ ಬರೆದರೆ ಅದೇ ಎಸ್‌ಕ್ಯೂಎಲ್ ಮಾಡಿಕೊಂಡು, ಡೇಟಾಬೇಸನ್ನು ಕೇಳಿ, ಉತ್ತರ ತಂದುಕೊಡುತ್ತದೆ. ನಾನು ಮೊದಲ ದಿನವೇ ಪಟ್ಟು ಹಿಡಿದೆ, ಬೇಲಿ ಇಲ್ಲದೆ ಇದನ್ನು ಹೊಲಕ್ಕೆ ಬಿಡಬೇಡಿ ಎಂದೆ. ಅವರು ಒಪ್ಪಿದರು. ಯಂತ್ರಕ್ಕೆ ಓದುವ ಅಧಿಕಾರ ಮಾತ್ರ, ಬರೆಯುವುದಾಗಲಿ ಅಳಿಸುವುದಾಗಲಿ ಇಲ್ಲ. ಓದುವುದೂ ಅಸಲಿನಿಂದಲ್ಲ, ಅದರ ಪ್ರತಿಯಿಂದ. ರೈತರ ಬ್ಯಾಂಕ್ ಖಾತೆ, ಫೋನ್ ನಂಬರು ಅದರ ಕಣ್ಣಿಗೇ ಬೀಳುವುದಿಲ್ಲ. ಹುಕ್ಕೇರಿಯವರು ಕೇಳಿದರೆ ಹುಕ್ಕೇರಿಯ ಕೇಂದ್ರಗಳಷ್ಟೇ. ಪ್ರಶ್ನೆ ಬಹಳ ಹೊತ್ತು ಹಿಡಿದರೆ ತಾನೇ ನಿಂತುಬಿಡುತ್ತದೆ.

ಇವೆಲ್ಲ ಸುಲಭದ ಬೇಲಿಗಳು. ನನಗೆ ಮುಖ್ಯವಾಗಿದ್ದವು ಇನ್ನೆರಡು. ತಾನು ಪ್ರಶ್ನೆಯನ್ನು ಹೇಗೆ ಅರ್ಥ ಮಾಡಿಕೊಂಡೆ ಎಂಬುದನ್ನು ಯಂತ್ರ ಉತ್ತರದ ಮೇಲೆಯೇ ಕನ್ನಡದಲ್ಲಿ ಬರೆದು ತೋರಿಸಬೇಕು. ಪ್ರಶ್ನೆಗೆ ಎರಡು ಅರ್ಥ ಬರುವಂತಿದ್ದರೆ ಉತ್ತರ ಕೊಡುವ ಮೊದಲು ತಿರುಗಿ ಕೇಳಬೇಕು. ನಮ್ಮ ಡೇರಿಯಲ್ಲಿ ಯಾವ ಮಾತಿಗೆ ಯಾವ್ಯಾವ ಅರ್ಥ ಬರುತ್ತದೆ ಎಂದು ಕೂತು ಬರೆದುಕೊಟ್ಟೆ. ಉದಾಹರಣೆಗೆ ‘ಹಾಲು ಬಾರದ ದಿನ’. ಆ ಕೇಂದ್ರದ ಹೆಸರಿನಲ್ಲಿ ನಮೂದು ಇಲ್ಲದ ದಿನವೂ ಹೌದು, ಆ ಊರಿನ ಹಾಲು ಎಲ್ಲಿಗೂ ಬಾರದ ದಿನವೂ ಹೌದು. ಎರಡೂ ಒಂದೇ ಎಂದು ತೋರುತ್ತದೆ, ಆದರೆ ಒಂದೇ ಅಲ್ಲ.

ಯಾಕೆಂದರೆ ಮೂಡಲಗಿ ಮಾರ್ಗದಲ್ಲಿ ಮೇಲವಂಕಿ ಎಂಬ ಹಳ್ಳಿ ಇತ್ತು. ಅಲ್ಲಿಯ ಕೇಂದ್ರ ನಡೆಸುವವಳು ಕುರುಬರ ಮನೆಯ ಒಬ್ಬ ಹೆಣ್ಣುಮಗಳು, ನನಗಿಂತ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಗಂಡ ಅರ್ಧ ವರ್ಷ ಕುರಿ ಹಿಂಡಿನ ಜೊತೆ ಹೊರಗೇ. ಮನೆ ನಡೆಯುತ್ತಿದ್ದದ್ದು ಆ ಕೇಂದ್ರದಿಂದ. ಅವಳ ಕೇಂದ್ರದಲ್ಲಿ ಹಾಲು ತಣ್ಣಗಿಡುವ ಕೂಲರ್ ಕೆಟ್ಟಿತ್ತು. ರಿಪೇರಿ ಆಗುವ ತನಕ ನಿಮ್ಮ ಊರಿನ ಹಾಲನ್ನು ಬಾಜೂ ಊರಿನ ಕೇಂದ್ರದಲ್ಲಿ ಸುರುವಿರಿ ಎಂದು ನಮ್ಮ ಆಫೀಸಿನಿಂದಲೇ ಹೇಳಿದ್ದೆವು, ಸಾಹೇಬರೇ ಒಪ್ಪಿದ್ದರು. ಎರಡು ವಾರದ ಮಾತು ತಿಂಗಳುಗಟ್ಟಲೆ ಎಳೆಯಿತು. ಅಕ್ಕ ದಿನಾ ಟಂಟಂ ಗಾಡಿಯಲ್ಲಿ ಕ್ಯಾನು ಏರಿಸಿಕೊಂಡು ಹೋಗಿ ಸುರುವಿ ಬರುತ್ತಿದ್ದಳು. ನಮೂದಿನ ‘ಸ್ವೀಕರಿಸಿದ ಕೇಂದ್ರ’ ಎಂಬ ಕಾಲಮ್ಮಿನಲ್ಲಿ ಬಾಜೂ ಊರು, ‘ಮೂಲ ಕೇಂದ್ರ’ ಎಂಬ ಕಾಲಮ್ಮಿನಲ್ಲಿ ಮೇಲವಂಕಿ. ಡೇಟಾಬೇಸಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಯಂತ್ರದ ಮೊದಲ ಪ್ರದರ್ಶನ ಗೋಕಾಕದಲ್ಲೇ ಆಯಿತು. ಸಾಹೇಬರು ಬೇಕಂತಲೇ ‘ಹಳೆಯ ನಮೂದು ಎಲ್ಲಾ ಅಳಿಸಿ ಹಾಕು’ ಎಂದು ಬರೆದರು. ಅದು ನನ್ನಿಂದಾಗದು ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ಭಾರೀ ಶಾಣ್ಯಾ ಐತಿ ಬಿಡ್ರಿ’ ಎಂದು ಸಾಹೇಬರು ನಕ್ಕರು. ಕೈ ಕಟ್ಟಿದ್ದೇವೆ, ಇನ್ನೇನು ಭಯ ಎಂದುಕೊಂಡರು ಎಲ್ಲರೂ. ಕೈ ಕಟ್ಟಿದವನ ಬಾಯಿಂದಲೂ ಊರು ಹಾಳಾಗಬಹುದು ಎಂಬುದು ಯಾರಿಗೆ ಹೊಳೆಯಬೇಕು?

ಮುಂದಿನ ತಿಂಗಳ ಸಭೆ ಹುಕ್ಕೇರಿ ಘಟಕದಲ್ಲಿತ್ತು. ಸೂಪರ್‌ವೈಸರುಗಳೆಲ್ಲ ಸೇರಿದ್ದರು. ಗೋಡೆಯ ಮೇಲೆ ಪರದೆ ದೊಡ್ಡದಾಗಿ ಬಿದ್ದಿತ್ತು. ಸಾಹೇಬರು ‘ಚಲೋ ಕೇಂದ್ರ ಯಾವುದು?’ ಎಂದು ಬರೆದರು. ‘ಚಲೋ ಎಂದರೆ ಹೆಚ್ಚು ಹಾಲು ಕೊಡುವುದೋ, ಹೆಚ್ಚು ಕೊಬ್ಬಿನ ಹಾಲು ಕೊಡುವುದೋ?’ ಎಂದು ಯಂತ್ರ ಕೇಳಿತು. ಅವರು ಉತ್ತರಿಸಿದರು. ‘ಯಾವ ಅವಧಿಗೆ?’ ಎಂದಿತು. ಹಿಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಕೆಂಪಾಯಿತು.

ನಮ್ಮ ಡೇರಿಯ ರೀತಿಯೇ ಹಾಗೆ. ದೊಡ್ಡವರು ಏನಾದರೂ ಹೇಳಿದರೆ ‘ಹೂಂನ್ರಿ’ ಎನ್ನಬೇಕು. ತಿಳಿಯದಿದ್ದರೆ ಹೊರಗೆ ಬಂದು ಚಹಾದಂಗಡಿಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು. ಸಾಹೇಬರನ್ನೇ ತಿರುಗಿ ಕೇಳುವುದು ಎಂದರೆ ಉದ್ಧಟತನ. ಆಳುಗಳು ಮಾಡದ್ದನ್ನು ಯಂತ್ರ ಮಾಡಿಬಿಟ್ಟಿತ್ತು.

‘ಅದು ಪ್ರಶ್ನಿ ಕೇಳಲಿ ಅಂತ ರೊಕ್ಕಾ ಕೊಟ್ಟೇನೋ, ಉತ್ತರಾ ಹೇಳಲಿ ಅಂತ ಕೊಟ್ಟೇನೋ?’ ಎಂದು ಅಲ್ಲಿಂದಲೇ ಬೆಳಗಾವಿಗೆ ಫೋನು ಮಾಡಿದರು. ‘ತಿರುಗಿ ಕೇಳೋದು ಬಂದ್ ಮಾಡ್ರಿ. ಮ್ಯಾಲಿನ ಆ ಪುರಾಣಾನೂ ಬ್ಯಾಡ. ಸೀದಾ ಉತ್ತರಾ ಬರಲಿ.’

ನಾನು ಎದ್ದು ನಿಂತೆ. ‘ಸರ್, ಅದನ್ನ ತೆಗಿಬ್ಯಾಡ್ರಿ. ಎತ್ತು ಈಯ್ತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂತೈತಿ ಅದು. ಕೇಳಿದ್ದಕ್ಕೆಲ್ಲಾ ಒಂದು ಉತ್ತರಾ ಕೊಟ್ಟ ಕೊಡತೈತಿ, ಯಾವ ಅರ್ಥಕ್ಕ ಕೊಟ್ಟೈತಿ ಅಂತ ನಿಮಗ ಗೊತ್ತಾಗೂದಿಲ್ಲ.’

‘ನೋಡ ತಂಗಿ,’ ಎಂದರು ಮೆಲ್ಲಗೆ, ‘ಮೂವತ್ತು ವರ್ಷ ಹಾಲಿನ ಧಂಧೆ ಮಾಡೇನಿ. ನಾ ಏನು ಕೇಳತೇನಿ ಅನ್ನೋದು ನನಗ ಗೊತ್ತೈತಿ.’

ಕಂಪನಿಯವರು ಆ ಸಂಜೆಯೇ ಎರಡನ್ನೂ ನಿಲ್ಲಿಸಿದರು. ಬೇಡವೆಂದು ನಾನು ಬರೆದು ಕಳಿಸಿದ ಮೇಲ್‌ಗೆ ಉತ್ತರವೇ ಬರಲಿಲ್ಲ. ಬಸ್ಸಿನಲ್ಲಿ ಗೋಕಾಕಕ್ಕೆ ಮರಳುವಾಗ ನನಗೆ ಅಳು ಬರುವಷ್ಟು ಸಿಟ್ಟಿತ್ತು.

ಅದರ ಮುಂದಿನ ಸಭೆಗೆ ನಾನಿರಲಿಲ್ಲ, ಅರಭಾವಿಯಲ್ಲಿ ತಮ್ಮನ ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಮೂಡಲಗಿ ಮಾರ್ಗದ ಹಾಲಿನ ಗಾಡಿ ಸುಮ್ಮನೆ ಸುತ್ತುತ್ತಿದೆ, ಕೆಲವು ಕೇಂದ್ರ ಮುಚ್ಚಬೇಕು ಎಂಬ ಮಾತು ಬಂತಂತೆ. ಸಾಹೇಬರು ‘ಹಾಲು ಬಾರದ ದಿನ ಹೆಚ್ಚಿರುವ ಕೇಂದ್ರ ಯಾವುದು?’ ಎಂದು ಬರೆದರಂತೆ. ಯಂತ್ರ ಈ ಸಲ ಏನನ್ನೂ ಕೇಳಲಿಲ್ಲ. ‘ಸ್ವೀಕರಿಸಿದ ಕೇಂದ್ರ’ ಎಂಬ ಕಾಲಮ್ಮು ಹಿಡಿದು ಎಣಿಸಿತು. ಮೇಲವಂಕಿ ಎಲ್ಲಕ್ಕಿಂತ ಮೇಲೆ ಬಂತು. ಅದನ್ನು ಮುಚ್ಚಲು ಅಲ್ಲೇ ಆದೇಶವಾಯಿತು.

ಆ ಮಾರ್ಗದ ಸೂಪರ್‌ವೈಸರು ಅಲ್ಲೇ ಕೂತಿದ್ದ. ಅಕ್ಕ ದಿನಾ ಬಾಜೂ ಊರಿಗೆ ಹಾಲು ಹೊರುವುದನ್ನು ಕಣ್ಣಾರೆ ಕಂಡವನು. ಆಮೇಲೆ ನಾನು ಅವನ ಮೇಲೆ ಹರಿಹಾಯ್ದೆ. ‘ಬಾಯಿ ಬಿದ್ದು ಹೋಗಿತ್ತೇನೋ ನಿನಗ?’

‘ಸಾಹೇಬ್ರು ನನ್ನ ಕೇಳಲಿಲ್ರಿ ಬಾಯಾರ,’ ಎಂದ. ‘ಕಂಪ್ಯೂಟರ್ ಹೇಳಿದ ಮ್ಯಾಲ ನಾ ಎಲ್ಲಿಂದ ಅಲ್ಲ ಅನ್ನಲಿ?’

ನನಗೆ ವಿಷಯ ತಿಳಿದದ್ದು ಅಕ್ಕನಿಂದಲೇ, ಅದೂ ತಡವಾಗಿ. ಎಂದಿನಂತೆ ಹಾಲು ತಗೊಂಡು ಬಾಜೂ ಊರಿಗೆ ಹೋದರೆ, ನಿಮ್ಮ ಕೇಂದ್ರ ಬಂದ್ ಆಗಿದೆ, ನಿಮ್ಮ ಊರಿನ ನಂಬರು ಇಲ್ಲಿ ನಡೆಯುವುದಿಲ್ಲ ಎಂದು ತಿರುಗಿ ಕಳಿಸಿದರಂತೆ. ವಾರಗಟ್ಟಲೆ ಕಾದು, ಸೂಪರ್‌ವೈಸರಿಗೆ ಹೇಳಿ ಹೇಳಿ ಸಾಕಾಗಿ, ಬಸ್ಸು ಹಿಡಿದು ಗೋಕಾಕಕ್ಕೆ ಬಂದಳು. ನನ್ನ ಮೇಜಿನ ಎದುರು ನಿಂತಳು, ಕೂಡೆಂದರೂ ಕೂಡಲಿಲ್ಲ.

‘ಬಾಯಾರ, ಒಂದು ದಿನಾನಾದ್ರೂ ಹಾಲು ತಪ್ಪಿಸೇನೇನ್ರಿ ನಾನು? ಮಳಿಯಾಗೂ ಹೊತಗೊಂಡು ಹೋಗೇನಿ. ನೀವ ಅಲ್ಲಿ ಸುರುವು ಅಂದ್ರಿ, ಸುರುವಿದೆ. ಈಗ ಹಾಲ ಬಂದಿಲ್ಲ ಅಂತೀರಿ. ಮಂದಿ ನನ್ನ ಬೈಯಾಕತ್ತಾರ್ರಿ, ನೀನ ಏನೋ ತಪ್ಪು ಮಾಡೀದಿ ಅಂತ.’

ನಾನು ‘ಮೂಲ ಕೇಂದ್ರ’ ಹಿಡಿದು ನನ್ನ ಕೈಯಾರೆ ಎಸ್‌ಕ್ಯೂಎಲ್ ಬರೆದೆ. ಮೇಲವಂಕಿಯ ಹಾಲು ಬಾರದ ದಿನ ಎಂದು ಬಂದದ್ದು ಬೆರಳೆಣಿಕೆಯಷ್ಟು. ಹೊರಗಿನ ಬೆಂಚಿನ ಮೇಲೆ ಅಕ್ಕನನ್ನು ಕೂಡಿಸಿ, ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದೆ. ಬಾಗಿಲು ತಟ್ಟಲೂ ಇಲ್ಲ. ಯಂತ್ರ ಮಾಡಿದ ಎಣಿಕೆ ಒಂದು, ನಾನು ಮಾಡಿದ್ದು ಒಂದು, ಎರಡನ್ನೂ ಮುಂದಿಟ್ಟೆ.

ಅವರು ಎರಡೂ ಎಣಿಕೆಗಳನ್ನು ಬೆರಳಿಟ್ಟು ಓದಿದರು. ಕನ್ನಡಕ ತೆಗೆದರು. ‘ಕೂಲರ್ ರಿಪೇರಿ,’ ಎಂದರು. ‘ನಾನ ಹೇಳಿದ್ದೆ ಅಲ್ಲಿ ಸುರುವು ಅಂತ. ಹೌದಲ್ಲ?’

‘ಹೌದ್ರಿ.’

‘ಒಂದು ಮಾತು ಕೇಳಿದ್ರ ನೆನಪಾಗತಿತ್ತ ತಂಗಿ.’

‘ಆ ಯಂತ್ರ ಕೇಳತಿತ್ರಿ ಸರ್,’ ಎಂದೆ. ‘ನೀವ ಬಾಯಿ ಮುಚ್ಚಿಸಿದ್ರಿ.’

ನೌಕರಿ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಅವರು ಫೋನು ಎಳೆದುಕೊಂಡರು. ನನ್ನ ಎದುರಿಗೇ ಬೆಳಗಾವಿಗೆ ಫೋನು ಮಾಡಿ, ತಿರುಗಿ ಕೇಳುವುದನ್ನೂ ಅರ್ಥ ತೋರಿಸುವುದನ್ನೂ ಮತ್ತೆ ಹಚ್ಚಿಸಿದರು. ಕೂಲರ್ ರಿಪೇರಿಗೆ ಅಂದೇ ಜನ ಕಳಿಸಿದರು. ಹೊರಗೆ ಬಂದು ಅಕ್ಕನಿಗೆ ಕೈ ಮುಗಿದು ‘ತಪ್ಪಾತ್ರಿ ಯವ್ವಾ’ ಎಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದು ಇದಕ್ಕೇ.

ಯಾಕೆಂದರೆ ಹಾಲು ಆದೇಶಕ್ಕಾಗಿ ಕಾಯುವುದಿಲ್ಲ. ಸುರುವಲು ಜಾಗವಿಲ್ಲದ ಹಾಲನ್ನು ಮೇಲವಂಕಿಯ ಜನ ಮೊದಲು ಬೀಗರಿಗೆ ಹಂಚಿದ್ದರು, ಆಮೇಲೆ ಕರುಗಳಿಗೆ ಬಿಟ್ಟಿದ್ದರು, ಕೊನೆಗೆ ಎಮ್ಮೆಗಳನ್ನೇ ಸಂತೆಗೆ ಹೊಡೆದಿದ್ದರು. ಉಳಿದವರು ಬೇರೆ ಡೇರಿಯ ಗಾಡಿಗೆ ಹಾಲು ಒಪ್ಪಿಸಿಬಿಟ್ಟಿದ್ದರು. ಅಕ್ಕನ ಮಾತನ್ನು ನಂಬಲು ಊರಿನಲ್ಲಿ ಒಬ್ಬರೂ ಇರಲಿಲ್ಲ. ಕೂಲರ್ ತಯಾರಾಯಿತು, ಗಾಡಿ ಅವಳ ಬಾಗಿಲಿಗೇ ಹೋಯಿತು, ಖಾಲಿ ತಿರುಗಿತು. ಕೆಲವು ವಾರ ಆಕೆ ತೊಳೆದ ಕ್ಯಾನು ಬೋರಲು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದಳಂತೆ. ಆಮೇಲೆ ಮನೆಗೆ ಬೀಗ ಹಾಕಿ ಗಂಡನ ಹಿಂದೆ ಕುರಿ ಹಿಂಡಿಗೆ ಹೋದಳು.

ಮೊನ್ನೆ ಸಭೆಯಲ್ಲಿ ಸಾಹೇಬರು ತಾವಾಗಿಯೇ ಬರೆದರು: ‘ಮೇಲವಂಕಿಯಿಂದ ಈ ತಿಂಗಳು ಹಾಲು ಬಾರದ ದಿನ ಎಷ್ಟು?’ ಯಂತ್ರ ವಿನಯದಿಂದ ತಿರುಗಿ ಕೇಳಿತು. ‘ಆ ಕೇಂದ್ರದ ಹೆಸರಿನಲ್ಲಿ ನಮೂದು ಇಲ್ಲದ ದಿನಗಳೋ, ಆ ಊರಿನ ಹಾಲು ಎಲ್ಲಿಗೂ ಬಾರದ ದಿನಗಳೋ?’ ಯಾರೂ ನಗಲಿಲ್ಲ. ಸಾಹೇಬರ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಈಗ ಯಾವುದನ್ನು ಆರಿಸಿದರೂ ಬರುವ ಉತ್ತರ ಒಂದೇ: ತಿಂಗಳ ಅಷ್ಟೂ ದಿನ.