ಭಾವ ನೋಡಿಬಂದ ಕಾರು

ಕಾರು ಚಾಲೂ ಆಗಿದೆಯೋ ಇಲ್ಲವೋ ಎಂದು ತಿಳಿಯಲು ನನಗಿದ್ದ ಏಕೈಕ ಅಂಗ ಕಿವಿ. ಅದು ಕೈಕೊಟ್ಟಿತು. ಏನೂ ಸದ್ದಿಲ್ಲವಲ್ಲ, ಕೂತು ನೋಡಿದರೆ ಯಾರ ಗಂಟೇನು ಹೋಗುತ್ತದೆ ಎಂದು ಚಾಲಕನ ಸೀಟಿನಲ್ಲಿ ಕೂತೆ, ಅಲ್ಲಿದ್ದುದನ್ನು ತಿರುವಿದೆ, ಕಾಲು ಚಾಚಿದೆ. ಕಾರು ಬೆಕ್ಕಿನಂತೆ ಮುಂದೆ ನುಸುಳಿ ಟ್ಯಾಕ್ಸಿ ಸ್ಟ್ಯಾಂಡಿನ ನೀರಿನ ಡ್ರಮ್ಮಿಗೆ ಮುತ್ತಿಟ್ಟಿತು. ಡ್ರಮ್ಮು ಮಗುಚಿ, ಟೀ ಕುಡಿಯುತ್ತಿದ್ದ ನಾಲ್ಕು ಜನ ಚಾಲಕರ ಚಪ್ಪಲಿ ತೊಯ್ದವು.

"ಭಾಮೈದನ್ನ ಕರ್ಕೊಂಡು ಬಂದಿದ್ದು ಗಾಡಿ ಪರೀಕ್ಷೆ ಮಾಡೋಕಾ, ಡ್ರಮ್ ಪರೀಕ್ಷೆ ಮಾಡೋಕಾ?" ಎಂದು ಯಾರೋ ಕೂಗಿದರು.

ಭಾವ ನಗಲಿಲ್ಲ. ಹೆಗಲ ಮೇಲಿದ್ದ ಬಟ್ಟೆ ತೆಗೆದು ಬಂಪರ್ ಒರೆಸಿದರು. ಇನ್ನೂ ತಮ್ಮದಾಗದ ಕಾರು.

ನನ್ನ ಅಕ್ಕನ ಗಂಡನ ಇಡೀ ಬದುಕು ಹೀಗೆಯೇ. ಮದುವೆಗೆ ಮುಂಚಿನಿಂದ ಬಾಡಿಗೆ ಕಾರು ಓಡಿಸುತ್ತಿದ್ದಾರೆ, ಒಂದೂ ಅವರದಲ್ಲ. ಆದರೆ ಪ್ರತಿಯೊಂದನ್ನೂ "ನಮ್ಮ ಗಾಡಿ" ಎನ್ನುತ್ತಾರೆ. ಮಾಲೀಕರು ಬದಲಾದಂತೆ "ನಮ್ಮ ಗಾಡಿ"ಗಳು ಬರುತ್ತಿದ್ದವು, ಹೋಗುತ್ತಿದ್ದವು. ಮದುವೆ ಮನೆಗೆ ನಾವೆಲ್ಲ ಒಟ್ಟಿಗೆ ಹೊರಟರೂ ಅವರು ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ಕೂತರೆ ಹೊಟ್ಟೆ ತೊಳಸುತ್ತದಂತೆ. ಒಮ್ಮೆ ನಾನು ಕರೆಸಿದ ಬಾಡಿಗೆ ಕಾರಿನಲ್ಲಿ ಕೂರಿಸಿದ್ದೆ. ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ತುಳಿದೂ ತುಳಿದೂ ಕಾಲು ನೋಯಿಸಿಕೊಂಡು ಇಳಿದರು.

ಈಗಿನ ಮಾಲೀಕರು ತಿಂಗಳ ಕೊನೆಗೆ ಕಾರು ಮಾರಿ ವ್ಯವಹಾರ ಮುಚ್ಚುವವರಿದ್ದರು. ಐವತ್ತಾರರ ಚಾಲಕನಿಗೆ ಹೊಸದಾಗಿ ಕೀಲಿ ಕೊಡುವವರು ಯಾರು? ಆಸ್ಪತ್ರೆಯ ನರ್ಸುಗಳನ್ನು ಪಾಳಿಗೆ ಕರೆತಂದು ಬಿಡುವ ಕೆಲಸವೊಂದು ಭಾವನ ಕೈಯಲ್ಲಿತ್ತು, ದಿನಕ್ಕೆ ನೂರಮೂವತ್ತು ಕಿಲೋಮೀಟರ್. ಸ್ವಂತ ಗಾಡಿಯಿದ್ದರೆ ಅದು ಉಳಿಯುತ್ತದೆ. ಇಲ್ಲದಿದ್ದರೆ ಅದೂ ಇಲ್ಲ, ಭಾವನೂ ಮನೆಯಲ್ಲಿ.

ಅದೇ ಹೊತ್ತಿಗೆ ಸ್ಟ್ಯಾಂಡಿನ ಗೆಳೆಯನೊಬ್ಬ ತನ್ನ ಎಲೆಕ್ಟ್ರಿಕ್ ಕಾರು ಮಾರಲು ಹೊರಟ. ಎಲ್ಲರೂ ಅವನನ್ನು ಹಾರ್ನ್ ಎನ್ನುತ್ತಿದ್ದರು. ಅವನ ಗಂಟಲಿದ್ದುದರಿಂದ ಕಾರಿಗೆ ಹಾರ್ನ್ ಬೇಕಿರಲಿಲ್ಲ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಿತ್ತು. ಕಾರಿಗೆ ಆರು ವರ್ಷ, ಒಂದು ಲಕ್ಷದ ಮೂವತ್ತೈದು ಸಾವಿರ ಕಿಲೋಮೀಟರ್. ಅದರ ಮೇಲೆ ಇನ್ನೂ ತೀರದ ಸಾಲ.

ಡ್ರಮ್ಮು ಎತ್ತಿ ನಿಲ್ಲಿಸುವಷ್ಟರಲ್ಲಿ ತಪಾಸಣೆಯ ಹೆಣ್ಣುಮಗಳು ಬಂದಳು. ಹಳೇ ಎಲೆಕ್ಟ್ರಿಕ್ ಕಾರುಗಳನ್ನು ನೋಡಿಕೊಡುವುದೇ ಅವಳ ಕಸುಬು. ಸ್ಟೇರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟು ಸಾಧನ ಸಿಕ್ಕಿಸಿ ಫೋನು ನೋಡಿದಳು.

"ಬ್ಯಾಟರಿ ಆರೋಗ್ಯ ತೊಂಬತ್ತೊಂದು ಪರ್ಸೆಂಟ್ ಅಂತಿದೆ."

"ನಾನು ಹೇಳ್ಲಿಲ್ವಾ!" ಹಾರ್ನ್ ಇಡೀ ಬೀದಿಗೆ ತಿಳಿಸಿದ. ನಾನೂ ಬ್ಯಾಟರಿಗೆ ನಾನೇ ಹಾಲು ಹೊಯ್ದು ಬೆಳೆಸಿದವನಂತೆ ತಲೆಯಾಡಿಸಿದೆ.

"ಅಂತಿದೆ ಅಂದೆ, ಇದೆ ಅನ್ಲಿಲ್ಲ," ಎಂದಳು ಅವಳು. "ಇದು ಕಾರು ತನ್ನ ಬಗ್ಗೆ ತಾನೇ ಹೇಳ್ಕೊಳ್ಳೋದು. ಪೂರ್ತಿ ಇಳಿಸಿ, ಪೂರ್ತಿ ತುಂಬಿಸಿ, ಎಷ್ಟು ಹಿಡಿಸುತ್ತೆ ಅಂತ ಅಳೆದ್ರೆ ಗೊತ್ತಾಗೋದು. ಚಾರ್ಜಿಂಗ್ ಸ್ಟೇಷನ್ ಸುತ್ತಮುತ್ತಾನೇ ಓಡಿಸಿ, ದೂರ ಹೋಗ್ಬೇಡಿ."

ಹೀಗೆ ನಾವು ನಾಲ್ವರು ಎಲ್ಲಿಗೂ ಹೋಗಬೇಕಿಲ್ಲದೆ ಹೊರಟೆವು. ಎ.ಸಿ. ಜೋರಾಗಿಟ್ಟು ಅದೇ ನಾಲ್ಕು ಬೀದಿ ಸುತ್ತಿದೆವು. ಮೂರನೇ ಸುತ್ತಿಗೆ ದರ್ಜಿ ಅಂಗಡಿಯವನು ಕೈಬೀಸಲು ಶುರುಮಾಡಿದ. ಹತ್ತನೆಯದಕ್ಕೆ ಅನುಮಾನದಿಂದ ನೋಡಿದ. ಭಾವ ಕನ್ನಡಿ ಸರಿಮಾಡಿಕೊಂಡಿದ್ದರು, ಸೀಟು ಒಂದು ಹಲ್ಲು ಹಿಂದಕ್ಕೆ ಸರಿಸಿಕೊಂಡಿದ್ದರು. ಬೇರೆಯವರ ಕಾರಿನಲ್ಲಿ ಅವರು ಸೀಟಿಗೆ ಬೆನ್ನು ಪೂರ್ತಿ ಆನಿಸಿದ್ದನ್ನು ನಾನು ನೋಡಿರಲಿಲ್ಲ. ಅಂದು ಆನಿಸಿದ್ದರು.

"ನರ್ಸಮ್ಮಂದಿರು ನಿದ್ದೆ ಮಾಡ್ಬಹುದು ಇದ್ರಲ್ಲಿ," ಎಂದರು. ಅವರ ಮಟ್ಟಿಗೆ ಅದು ಭಾಷಣ.

ಸುತ್ತು ಎಣಿಸುವುದನ್ನು ಬಿಟ್ಟು ಎಷ್ಟೋ ಹೊತ್ತಾದ ಮೇಲೆ ಚಾರ್ಜು ಇಪ್ಪತ್ತೆರಡು ಪರ್ಸೆಂಟಿಗೆ ಇಳಿಯಿತು. ಮುಂದಿನ ತಿರುವು ದಾಟುವುದರೊಳಗೆ ಎಂಟಾಯಿತು. ಕಾರು ಸುಸ್ತಾದವರಂತೆ ನಿಧಾನಿಸಿತು. ತೆವಳಿಕೊಂಡು ಚಾರ್ಜಿಂಗ್ ಸ್ಟೇಷನ್ ಸೇರಿದೆವು.

ಅವಳು ಮತ್ತೆ ಫೋನು ನೋಡಿದಳು. "ತುಂಬಿದ್ದಾಗ ಎಲ್ಲಾ ಸೆಲ್ಲೂ ಒಂದೇ ಥರ ಕಾಣಿಸ್ತಿದ್ವು. ಇಳಿದ ಮೇಲೆ ನೋಡಿ, ಒಂದು ಗುಂಪು ಉಳಿದವಕ್ಕಿಂತ ಎಷ್ಟು ಕೆಳಗೆ ಕೂತಿದೆ. ಅದು ಸೋತ್ರೆ ಇಡೀ ಬ್ಯಾಟರಿ ಅಲ್ಲೇ ನಿಲ್ಲುತ್ತೆ." ಆಮೇಲೆ ಹಾರ್ನ್ ಕಡೆ ತಿರುಗಿದಳು. "ಅಣ್ಣಾ, ಇದರ ಕಂಪ್ಯೂಟರಿಗೆ ಹೊರಗಡೆ ಯಾರಾದ್ರೂ ಕೈ ಹಾಕಿದ್ರಾ?"

ಹಾರ್ನ್ ಗಂಟಲು ಸರಿಪಡಿಸಿಕೊಂಡ. ಇಂಥ ಸಣ್ಣ ದನಿ ಅವನಲ್ಲಿದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ.

"ಹೋದ ವರ್ಷ, ಮೇಡಂ. ಹಿಂದೆ ಕೂತ ಪ್ಯಾಸೆಂಜರ್‌ಗಳು ಇಣುಕಿ ಇಣುಕಿ ನೋಡೋರು, ಉಳಿದಿರೋ ಇಷ್ಟು ಕಿಲೋಮೀಟರಲ್ಲಿ ಮುಟ್ತೀವಾ ಅಂತ. ಇಬ್ಬರು ಅರ್ಧ ದಾರೀಲಿ ಇಳಿದೇ ಹೋದ್ರು. ನಮ್ಮ ಸ್ಟ್ಯಾಂಡಲ್ಲಿ ಎಲೆಕ್ಟ್ರಿಕ್ ಗಾಡಿಯವರೆಲ್ಲ ಒಬ್ಬ ಮೆಕ್ಯಾನಿಕ್ ಹತ್ರ ಬ್ಯಾಟರಿ ಲೆಕ್ಕ ಹೊಸದು ಮಾಡಿಸ್ಕೊಂಡ್ರು. ನಾನೂ ಮಾಡಿಸ್ದೆ. ನಂಬರ್ ಮೇಲೆ ಹೋಯ್ತು. ಸರಿಹೋಯ್ತು ಅಂದ್ಕೊಂಡೆ."

"ಮೇಲೆ ಹೋಗಿದ್ದು ನಂಬರ್ ಮಾತ್ರ."

ಮೋಸ ಮಾಡುವ ಮುಖ ಅದಲ್ಲ. ಪ್ಯಾಸೆಂಜರ್ ನಂಬಲೆಂದು ಬದಲಾಯಿಸಿದ ಲೆಕ್ಕವನ್ನು ದಿನಾ ನೋಡಿ ನೋಡಿ ಅವನೇ ಮೊದಲು ನಂಬಿಬಿಟ್ಟಿದ್ದ.

ಮೂರು ಗಂಟೆಗೂ ಮೀರಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾದೆವು. ಕಾರು ತುಂಬಿದಾಗ ಮೀಟರ್ ಇಪ್ಪತ್ಮೂರೂವರೆ ಯೂನಿಟ್ ತೋರಿಸಿತು. ಚಾರ್ಜ್ ಆಗುವಾಗ ಸೋರಿಹೋಗುವುದೂ ಸೇರಿ ಹೊಸ ಬ್ಯಾಟರಿ ಮೂವತ್ತರ ಮೇಲೆ ಹಿಡಿಯಬೇಕಿತ್ತು.

"ಎಪ್ಪತ್ತೇಳು ಪರ್ಸೆಂಟ್," ಎಂದಳು.

"ವಾರಂಟಿ ಇದೆಯಲ್ಲಮ್ಮ," ಎಂದೆ, ಎಲ್ಲ ಬಲ್ಲವನಂತೆ. "ಎಂಟು ವರ್ಷ."

"ಎಂಟು ವರ್ಷ, ಇಲ್ಲಾ ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರ್, ಯಾವುದು ಮೊದಲು ಬರುತ್ತೋ ಅದು. ಇವರ ಓಡಾಟಕ್ಕೆ ಇನ್ನು ಏಳೆಂಟು ತಿಂಗಳು. ಅಷ್ಟರಲ್ಲಿ ಎಪ್ಪತ್ತಕ್ಕಿಂತ ಕೆಳಗೆ ಇಳಿದ್ರೆ ಮಾತ್ರ ಕಂಪನಿ ಕೇಳಿಸ್ಕೊಳ್ಳುತ್ತೆ. ಹೆಸರು ಬದಲಾಯಿಸೋ ಮುಂಚೆ ಅವರೂ ಕಾರು ತೆರೆದು ನೋಡ್ತಾರೆ. ಹೊರಗೆ ಕೈ ಹಾಕಿಸಿದ್ದು ಕಂಡ್ರೆ ಎರಡನೇ ಮಾಲೀಕರಿಗೆ ವಾರಂಟಿ ಕೊಡಲ್ಲ ಅಂತ ಈ ಕಾರಿನ ಷರತ್ತಲ್ಲೇ ಇದೆ."

"ಹೊಸ ಬ್ಯಾಟರಿ?" ಭಾವ ಕೇಳಿದರು.

"ಇವರು ಕಾರಿಗೆ ಕೇಳ್ತಿರೋದರಲ್ಲಿ ಮುಕ್ಕಾಲು ಪಾಲು."

ಭಾವ ಸ್ವಲ್ಪ ಹೊತ್ತು ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. "ಸಾಲ ಐದು ವರ್ಷಕ್ಕೆ ಕೊಡ್ತಾರೆ. ಇದು?"

"ನಿಮ್ಮ ನೂರಮೂವತ್ತು ಕಿಲೋಮೀಟರಿಗೆ ಒಂದೂವರೆ, ಎರಡು ವರ್ಷ ಸಾಕಾಗಬಹುದು. ಆ ಸೋತ ಗುಂಪು ಮೊದಲೇ ಕೈಕೊಡಲೂಬಹುದು. ಖಾತ್ರಿಯಾಗಿ ಹೇಳಕ್ಕಾಗಲ್ಲ ಅಣ್ಣಾ."

"ಬೆಲೆ ಇಳಿಸಿದ್ರೆ?" ಎಂದು ನಾನು ಹಾರ್ನ್ ಮುಖ ನೋಡಿದೆ.

"ಇಳಿಸ್ತೀನಿ, ಯಾಕಾಗಲ್ಲ," ಎಂದ ಅವನು. "ಒಂದು ಬ್ಯಾಟರಿಯಷ್ಟು ಇಳಿಸಿದ್ರೆ ಬ್ಯಾಂಕಿನ ಸಾಲ ತೀರಲ್ಲ. ಸಾಲ ತೀರದೆ ಅವರು ಹೆಸರು ಬದಲಾಯಿಸೋಕೆ ಬಿಡಲ್ಲ. ಕಣ್ಣಂತೂ ಹೋಯ್ತು, ಕಾರಾದ್ರೂ ಹೋಗ್ಲಿ ಅಂದ್ರೆ ಅದೂ ಹೋಗಲ್ಲ."

ಹೇಳಿದವನು ಮಾತ್ರ ನಗಲು ನೋಡಿದ.

"ಬೇಡ ಬಿಡಪ್ಪ," ಎಂದರು ಭಾವ. ತಪಾಸಣೆಯ ಹಣ, ಚಾರ್ಜಿನ ಹಣ ಎರಡನ್ನೂ ತಾವೇ ಕೊಟ್ಟರು. ಆಮೇಲೆ ಸಂಜೆಯ ಮಬ್ಬಿನಲ್ಲಿ ದಾರಿ ಕಾಣದ ಹಾರ್ನ್‌ನನ್ನು ಅವನದೇ ಕಾರಿನಲ್ಲಿ ಮನೆಗೆ ಬಿಟ್ಟರು. ಇಳಿಯುವ ಮುಂಚೆ ಸೀಟನ್ನು ಮೊದಲಿದ್ದ ಕಡೆಗೆ ಸರಿಸಿದರು.

ನಾವಿಬ್ಬರೂ ನಡೆದು ಮನೆಗೆ ಬಂದೆವು. ನಾನು ಕರೆಂಟು, ಕಾಲಮಾನ, ಕಂಪನಿಗಳ ಬುದ್ಧಿ ಎಂದು ಏನೇನೋ ಒದರಿದೆ. ಭಾವ ಹೂಂ ಎನ್ನುತ್ತಿದ್ದರು, ಹಿಂದಿನ ಸೀಟಿನ ಪ್ಯಾಸೆಂಜರಿಗೆ ಹೂಂಗುಟ್ಟುವಂತೆ.

ಅಕ್ಕ ಬಾಗಿಲಲ್ಲೇ ಇದ್ದಳು. ಗೇಟಿನ ಪಕ್ಕ ಕಾರು ನಿಲ್ಲುವಷ್ಟು ಜಾಗ ಗುಡಿಸಿ, ಹೂಕುಂಡಗಳನ್ನು ಗೋಡೆಗೆ ಒತ್ತಿದ್ದಳು. ನಮ್ಮ ಹಿಂದೆ ಬೀದಿ ಖಾಲಿಯಿದ್ದುದನ್ನು ನೋಡಿದಳು.

"ಏನಾಯ್ತು? ಕಾರು ಹೇಗಿತ್ತು?"

ಭಾವ ಚಪ್ಪಲಿ ಬಿಟ್ಟರು.

"ಚೆನ್ನಾಗಿತ್ತು. ಫುಲ್ ಚಾರ್ಜ್ ಮಾಡಿ ವಾಪಸ್ ಕೊಟ್ಟೆ."