ಮಗ್ಗ ನಿಂತ ದಿನ

ಎಂ.ಎ. ಇತಿಹಾಸ ಓದುವಾಗ ಜಮಖಂಡಿಯ ನಮ್ಮ ಮೇಷ್ಟ್ರು ಮೂರು ಹಳೆಯ ಕಾಗದಗಳ ಝೆರಾಕ್ಸ್ ಕೊಟ್ಟು, ಸಂಸ್ಥಾನದ ಕಾಲದಲ್ಲಿ ಬನಹಟ್ಟಿ ನೇಕಾರರು ಮಗ್ಗ ನಿಲ್ಲಿಸಿದ್ದರ ಬಗ್ಗೆ ಪ್ರಬಂಧ ಬರೆಯಲು ಹೇಳಿದರು. ನನಗೆ ಹಿಗ್ಗೋ ಹಿಗ್ಗು. ಅಜ್ಜನ ಅಪ್ಪ ಆ ಮುಷ್ಕರದಲ್ಲಿದ್ದವನು. ಅವನ ಮಾತಿಗೆ ಇಡೀ ಓಣಿಯೇ ಮಗ್ಗ ನಿಲ್ಲಿಸಿತ್ತು ಎಂದು ಅಜ್ಜ ಹೇಳುವುದನ್ನು ಕೇಳುತ್ತಲೇ ನಾನು ಬೆಳೆದಿದ್ದೆ.

ಮೂರು ಕಾಗದಗಳೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. 'ಓಣಿ ಓಣಿ ತಿರುಗಿದೆ, ಒಂದು ಮಗ್ಗವೂ ನಡೆಯುತ್ತಿರಲಿಲ್ಲ' ಎಂದು ಸಂಸ್ಥಾನದ ಅಧಿಕಾರಿಯ ದಿನಚರಿ. 'ನಾವು ಕೆಲವರು ಎಂಟು ದಿನದಿಂದ ಮಗ್ಗ ನಿಲ್ಲಿಸಿದ್ದೇವೆ' ಎಂದು ನೇಕಾರರ ಅರ್ಜಿ. ಸೀರೆ ವ್ಯಾಪಾರಿಯೊಬ್ಬ ತನ್ನ ಪಾಲುದಾರನಿಗೆ ಬರೆದ ಮರಾಠಿ ಪತ್ರದಲ್ಲಿ, 'ನಿನ್ನೆ, ವದ್ಯ ೩೦ರಂದು, ಸಂಸ್ಥಾನದ ಸಾಹೇಬರು ಬಂದು ಓಣಿ ನೋಡಿ ಹೋದರು. ಇವತ್ತು ಸೀರೆ ಬಂದಿವೆ, ಸ್ವಲ್ಪ ಕಡಿಮೆ.'

ನಾನು ಅಧಿಕಾರಿಯ ಪಕ್ಷ ಹಿಡಿದೆ. ಕಣ್ಣಾರೆ ಕಂಡವನು, ಅಂದೇ ಬರೆದವನು, ನೇಕಾರರ ಪರವಾಗಿ ಸುಳ್ಳು ಹೇಳಬೇಕಾದವನಲ್ಲ. ವ್ಯಾಪಾರಿ ಪಾಲುದಾರನಿಗೆ ಧೈರ್ಯ ತುಂಬುತ್ತಿದ್ದಾನೆ ಎಂದು ಅವನನ್ನು ಬದಿಗಿಟ್ಟೆ. ಅರ್ಜಿಯ 'ಕೆಲವರು' ಬರೀ ವಿನಯ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನಗೆ ಬೇಕಾದದ್ದನ್ನು ಹೇಳಿದವನನ್ನೇ ನಂಬಿದ್ದೆ.

ಒಪ್ಪಿಸುವ ಹಿಂದಿನ ದಿನ ಬನಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಜ್ಜನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ, ತಲೆ ತೂಗುತ್ತಾ ಕೇಳುತ್ತಿದ್ದ. ವ್ಯಾಪಾರಿಯ ಪತ್ರ ಬಂದಾಗ ಕಣ್ಣು ತೆರೆದ.

"ಯಾವತ್ತ ಅಂದಿ?"

"ವದ್ಯ ಮೂವತ್ತ ಅಂತ ಐತಿ, ಅಜ್ಜಾ. ಮೂವತ್ತನೇ ತಾರೀಖ."

"ತಾರೀಖ ಅಲ್ಲಬೇ. ವದ್ಯ ಮೂವತ್ತ ಅಂದ್ರ ಅಮಾಸಿ. ಅಮಾಸಿ ದಿನ ಯಾರ ಮನ್ಯಾಗ ಮಗ್ಗ ನಡಸ್ತಾರ?"

ನನ್ನ ಮುಖ ಬಿಸಿಯಾಯಿತು. ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು. ಅಮಾವಾಸ್ಯೆಗೆ ಮಗ್ಗಕ್ಕೆ ಕಾಯಿ ಒಡೆದು ಕೆಲಸ ಬಿಡುವುದನ್ನು ತಿಂಗಳು ತಿಂಗಳೂ ಕಂಡವಳು. ಹೊರಗಿನ ಅಧಿಕಾರಿ ರಜೆಯನ್ನು ಕಂಡು ಮುಷ್ಕರ ಎಂದಿದ್ದ. ನಾನೂ ಹೂಂ ಅಂದಿದ್ದೆ. ಬಲ ತೋರಿಸಬೇಕಾದ ಅರ್ಜಿದಾರರೇ 'ಕೆಲವರು' ಎಂದಿದ್ದಾರೆ, ಮುಷ್ಕರವನ್ನು ಸಣ್ಣದು ಮಾಡಿ ಹೇಳಬೇಕಾದ ವ್ಯಾಪಾರಿಯೇ ಸೀರೆ ಕಡಿಮೆ ಎಂದು ಒಪ್ಪಿದ್ದಾನೆ. ಮಗ್ಗ ನಿಂತದ್ದು ಖರೆ, ಎಲ್ಲವೂ ಅಲ್ಲ. ಇಷ್ಟನ್ನೂ ಅಜ್ಜನಿಗೆ ಬಿಡಿಸಿ ಹೇಳಿದೆ.

ಅಜ್ಜ ಕಾಲು ಮಡಚಿ ನೆಟ್ಟಗೆ ಕೂತ.

"ಹಂಗಾದ್ರ ಓಣಿಗೆ ಓಣಿನೇ ನಿಂತಿದ್ದಿಲ್ಲ."

"ಇಲ್ಲ, ಅಜ್ಜಾ. ಪ್ರಬಂಧ ತಿದ್ದಬೇಕು."

"ಅರ್ಜಿ ಕೆಳಗ ಹೆಸರ ಅದಾವೇನು?"

"ಹನ್ನೊಂದ ಅದಾವ. ಮೂರನೇದು ನಿಮ್ಮಪ್ಪಂದು, ಹೆಬ್ಬೆಟ್ಟು."

"ಎದುರಿನ ಮನಿಯವರದು?"

ಎರಡು ಸಲ ನೋಡಿದೆ. "ಇಲ್ಲ."

"ಪಕ್ಕದ ಮನಿಯವರದು?"

"ಅವರದೂ ಇಲ್ಲ."

ಅಜ್ಜ ಕೈಚಾಚಿ ಆ ಝೆರಾಕ್ಸ್ ಇಸಿದುಕೊಂಡ. ಓದಲು ಬಾರದ ಅವನಿಗೆ ಹೆಬ್ಬೆಟ್ಟಿನ ಕಪ್ಪು ಗುರುತನ್ನು ನಾನೇ ತೋರಿಸಬೇಕಾಯಿತು. ಅದರ ಮೇಲೆ ತನ್ನ ಹೆಬ್ಬೆರಳು ಇಟ್ಟು, ಎದುರಿನ ಮನೆಯ ಕಡೆ ನೋಡಿದ.

"ಎರಡೂ ಕಡೆ ಮಗ್ಗದ ಸಪ್ಪಳ ಕೇಳ್ಕೋತ, ನಮ್ಮಪ್ಪ ಎಂಟ ದಿನ ತನ್ನ ಮಗ್ಗ ನಿಲ್ಲಿಸಿ ಕುಂತಿದ್ನಲ್ಲಬೇ," ಎಂದ. "ತಿದ್ದಿ ಬರಿ."