ಅಂಚೆಯಣ್ಣನ ಬಿಸ್ಕತ್ತು

ಇಪ್ಪತ್ತು ವರ್ಷ ಸೈಕಲ್ ತುಳಿದು ಕಾಗದ ಹಂಚಿದ ಅಂಚೆಯಣ್ಣನನ್ನು ಗೋಳು ಹೊಯ್ದುಕೊಂಡಿದ್ದು ಟೈಲರಕ್ಕನ ಕಂದು ನಾಯಿ. ಅವಳ ಗೇಟಿನ ಮುಂದೆ ಚಕ್ರ ಉರುಳಿದರೆ ಸಾಕು, ಹಿಮ್ಮಡಿಗೆ ಬಾಯಿ ಹಾಕುತ್ತಾ ಬೆನ್ನಟ್ಟುತ್ತಿತ್ತು. ಹೋದ ತಿಂಗಳು ಬಿದ್ದು ಮಂಡಿ ಊದಿತ್ತು. ಇನ್ನೊಮ್ಮೆ ಬಿದ್ದರೆ ಸೈಕಲ್ ಬಿಟ್ಟು ಕಚೇರಿಯಲ್ಲಿ ಮುದ್ರೆ ಒತ್ತುತ್ತಾ ಕೂರಬೇಕೆಂದು ಡಾಕ್ಟರು ಹೇಳಿದ್ದರು. ಅದಕ್ಕಿಂತ ಜೈಲೇ ವಾಸಿ ಎನ್ನುವ ಮನುಷ್ಯ ಅವನು.

ಅದಕ್ಕೇ ನಾಯಿ ಬಂದಾಗಲೆಲ್ಲ ಬಿಸ್ಕತ್ತು ಎಸೆದು, ಎದ್ದೆನೋ ಬಿದ್ದೆನೋ ಎಂದು ಪೆಡಲ್ ತುಳಿಯುತ್ತಿದ್ದ. ವಾರದೊಳಗೆ ಅದು ಇನ್ನೂ ದೂರದಿಂದಲೇ ಓಡಿಬರತೊಡಗಿತು.

“ಅಕ್ಕಾ, ನಿಮ್ ನಾಯಿಗೆ ಪ್ಯಾಕೆಟ್‌ಗಟ್ಲೆ ತಿನ್ಸಿದೀನಿ, ಸ್ವಲ್ಪನೂ ನಿಯತ್ತಿಲ್ಲ!”

“ಯಾವಾಗ ಹಾಕ್ತೀಯೋ?”

“ಅಟ್ಟಿಸ್ಕೊಂಡ್ ಬಂದಾಗ!”

“ಅಯ್ಯೋ ಮಾರಾಯ, ಅಟ್ಟಿದ್ದಕ್ಕೆ ಕೂಲಿ ಕೊಡ್ತಿದ್ದೀಯಲ್ಲೋ! ಓಡೋದು ಕಂಡ್ರೇ ಅದಕ್ಕೆ ಹುಚ್ಚು. ನೀನು ದಿನಾ ಹೋಗಿಬಿಡ್ತೀಯ, ತಾನೇ ಓಡಿಸ್ದೆ ಅನ್ಕೊಳ್ಳುತ್ತೆ. ಇಳಿದು ನಿಧಾನಕ್ಕೆ ನಡಿ, ಸೈಕಲ್ ನಿಮ್ಮಿಬ್ರ ಮಧ್ಯ ಇರ್ಲಿ. ಗುರಾಯಿಸ್ಬೇಡ, ಒದೀಬೇಡ.”

“ಎಲ್ಲಾ ನಾನೇ ಮಾಡ್ಬೇಕಾ? ಗೇಟ್ ಹಾಕೋದು ಯಾರ ಕೆಲ್ಸ?”

ಅಕ್ಕ ಹೋಗಿ ತೆರೆದಿದ್ದ ಗೇಟು ಎಳೆದು ಹಾಕಿದಳು.

ಮರುದಿನ ಅವಳು ಗೇಟಿನ ಒಳಗೆ ನಾಯಿಯ ಹಗ್ಗ ಹಿಡಿದು ನಿಂತಳು. ಅಂಚೆಯಣ್ಣ ದೂರದಲ್ಲೇ ಇಳಿದು ನಡೆದ. ನಾಯಿ ಎರಡು ಸಲ ಬೊಗಳಿತು, ಓಡುವವರೇ ಇಲ್ಲದೆ ಪೆಚ್ಚಾಗಿ ಕೂತಿತು. ಕೂತ ಮೇಲೆ ಅಕ್ಕ ಬಿಸ್ಕತ್ತು ಕೊಟ್ಟಳು.

ತಿಂಗಳಾಯಿತು, ಅವನು ಬಿದ್ದಿಲ್ಲ. ಆದರೂ ಅವಳ ಗೇಟಿನ ಮುಂದೆ ನಲವತ್ತು ಹೆಜ್ಜೆ ಸೈಕಲ್ ತಳ್ಳುವಾಗ ಗೊಣಗುವುದು ತಪ್ಪಿಲ್ಲ: “ಮಹಾರಾಜರ ಅರಮನೆ ನೋಡಿ, ಇಳಿದೇ ಹೋಗ್ಬೇಕು!”